ವಿನೋಬನಗರದಲ್ಲಿ ದಿನಕ್ಕೆ ಎಷ್ಟು ಗಾಡಿ ರಿಪೇರಿಗೆ ಬರುತ್ತವೆ?

(ಬೈಕ್ ಮೆಕ್ಯಾನಿಕ್ ಕೆಲಸ ಕಲಿತು ಸ್ವಂತ ಗ್ಯಾರೇಜ್ ತೆರೆಯಲು ಹೊರಟಿರುವ ಯುವಕರ ಮುಂದೆ ಶಿವಮೊಗ್ಗದಲ್ಲಿ ಆಡಿದ ಮಾತಿನ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರ್‌ನಲ್ಲಿ ನಿಂತವನು. ಕ್ಲಚ್ ಕೇಬಲ್, ಬ್ರೇಕ್ ಶೂ, ಆಯಿಲ್ ಬಾಟಲಿ ಮಾರಿಕೊಂಡೇ ಬದುಕಿದೆ. ಅಂಗಡಿಗೆ ಬರುತ್ತಿದ್ದ ಎಷ್ಟೋ ಹುಡುಗರು ಗ್ಯಾರೇಜ್ ತೆರೆದಿದ್ದನ್ನು ನೋಡಿದ್ದೇನೆ. ಅದರಲ್ಲಿ ಕೆಲವರು ವರ್ಷ ತುಂಬುವ ಮೊದಲೇ ಷಟರ್ ಎಳೆದಿದ್ದನ್ನೂ ನೋಡಿದ್ದೇನೆ. ಅವರಿಗೆ ಕೆಲಸ ಗೊತ್ತಿರಲಿಲ್ಲ ಅಂತಲ್ಲ, ಒಳ್ಳೆಯ ಕೈಗಳೇ ಅವು. ಆ ಜಾಗದಲ್ಲಿ ಎಷ್ಟು ಕೆಲಸ ಇದೆ ಅಂತ ಅವರು ಎಣಿಸಿರಲಿಲ್ಲ. ಇವತ್ತು ಆ ಎಣಿಕೆಯ ಬಗ್ಗೆ ಮಾತ್ರ ಮಾತಾಡುತ್ತೇನೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದ್ದು ಒಬ್ಬ ಹುಡುಗ. ವಿನೋಬನಗರದ ನೂರಡಿ ರಸ್ತೆಯಲ್ಲಿ ಮಳಿಗೆ ನೋಡಿಕೊಂಡು, ಸಾಲಕ್ಕೆ ಅಂತ ಒಂದು ಪ್ರಾಜೆಕ್ಟ್ ರಿಪೋರ್ಟ್ ಬರೆಸಿಕೊಂಡು ಬಂದಿದ್ದ. ಅದರಲ್ಲಿ ಹೀಗಿತ್ತು: ಊರಿನಲ್ಲಿ ಒಂದು ಲಕ್ಷ ದ್ವಿಚಕ್ರ ವಾಹನ ಇವೆ ಅಂತ ಹಿಡಿಯೋಣ. ಒಂದೊಂದಕ್ಕೂ ವರ್ಷಕ್ಕೆ 3,000 ರೂಪಾಯಿ ಖರ್ಚು. ಒಟ್ಟು 30 ಕೋಟಿ. ಅದರಲ್ಲಿ ನಮಗೆ ಬರೀ 1 ಪರ್ಸೆಂಟ್ ಸಿಕ್ಕರೂ 30 ಲಕ್ಷ ವ್ಯಾಪಾರ.

ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ಒಂದು ಪರ್ಸೆಂಟ್ ತಾನೇ, ಅದೂ ಸಿಗದಿದ್ದರೆ ಹೇಗೆ ಅನ್ನಿಸುತ್ತೆ. ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ. "ಆ ಒಂದು ಪರ್ಸೆಂಟ್ ಜನ ಯಾವ ಬೀದಿಯಲ್ಲಿದ್ದಾರೆ ಮಗಾ?" ಅವನ ಹತ್ತಿರ ಉತ್ತರ ಇರಲಿಲ್ಲ. ಗೋಪಾಳದವನು ಆಯಿಲ್ ಚೇಂಜ್‌ಗೆ ವಿನೋಬನಗರಕ್ಕೆ ಬರುವುದಿಲ್ಲ. ಗಾಂಧಿ ಬಜಾರಿನ ಅಂಗಡಿಯವನೂ ಬರುವುದಿಲ್ಲ. ರಿಪೇರಿ ಅನ್ನುವುದು ಗಾಡಿ ತಳ್ಳಿಕೊಂಡು ಬರುವಷ್ಟು ದೂರದ ವ್ಯಾಪಾರ. ಆದ್ದರಿಂದ ಇಡೀ ಊರನ್ನು ಬಿಟ್ಟು ಆ ಮಳಿಗೆಯ ಸುತ್ತ ಒಂದೂವರೆ ಕಿಲೋಮೀಟರ್ ಮಾತ್ರ ನೋಡೋಣ ಅಂದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮುಂದೆ ಬರುವ ಬೀದಿ ಎಣಿಕೆಯ ಅಂಕಿಗಳನ್ನು ಲೆಕ್ಕ ಸುಲಭವಾಗಲಿ ಅಂತ ದುಂಡು ಮಾಡಿ ಉದಾಹರಣೆಗೆ ಇಟ್ಟಿದ್ದೇನೆ. ಅವನ್ನು ಹಾಗೇ ಬರೆದುಕೊಂಡು ಹೋಗಿ ಬೇರೆ ಕಡೆ ಹಾಕಬೇಡಿ. ನಿಮ್ಮ ಬೀದಿಯನ್ನು ನೀವೇ ಎಣಿಸಬೇಕು.

ಮೊದಲ ಪ್ರಶ್ನೆ, ಎಷ್ಟು ಗಾಡಿ ಇವೆ?

ಎಲ್ಲರಿಗೂ ಮೊದಲು ನೆನಪಾಗುವುದು ಆರ್‌ಟಿಒ. ವಾಹನ್ ಡ್ಯಾಶ್‌ಬೋರ್ಡ್‌ನಲ್ಲಿ KA-14 ಆರಿಸಿ, `M-CYCLE/SCOOTER` ಅಂತ ನೋಡಿದರೆ ವರ್ಷಾವಾರು ನೋಂದಣಿ ಸಿಗುತ್ತದೆ. ಒಳ್ಳೆಯ ಮಾಹಿತಿಯೇ. ಆದರೆ ಅದು ನೋಂದಣಿಯ ಲೆಕ್ಕ, ಓಡುವ ಗಾಡಿಯ ಲೆಕ್ಕ ಅಲ್ಲ. ಗುಜರಿಗೆ ಹೋಗಿದ್ದು, ಬೆಂಗಳೂರಿಗೆ ಮಗನ ಜೊತೆ ಹೋಗಿದ್ದು, ಹಳ್ಳಿಯ ತೋಟದ ಮನೆಯಲ್ಲಿ ಕೋಳಿ ಮಲಗುವ ಜಾಗ ಆಗಿದ್ದು, ಎಲ್ಲವೂ ಹಳೇ ವರ್ಷಗಳ ಲೆಕ್ಕದಲ್ಲಿ ಸೇರಿಕೊಂಡಿರುತ್ತವೆ. ಜೊತೆಗೆ KA-14 ಅಂದರೆ ಬರೀ ಶಿವಮೊಗ್ಗ ಪಟ್ಟಣ ಅಲ್ಲ, ಭದ್ರಾವತಿ, ತೀರ್ಥಹಳ್ಳಿ ಕಡೆಯ ಗಾಡಿಗಳೂ ಅದರಲ್ಲೇ. ಇನ್ನೊಂದು ಕಡೆ, ಇಲ್ಲಿ ಓದಲು ಬಂದ ಹುಡುಗರ KA-17, KA-18 ಗಾಡಿಗಳು ಅದರಲ್ಲಿ ಇಲ್ಲ. ಜನಗಣತಿ ನೋಡೋಣ ಅಂದರೆ 2011ರದು: ನಗರಕ್ಕೆ 3,22,650 ಜನ. ಆಮೇಲೆ ಊರು ಎಷ್ಟು ಬೆಳೆದಿದೆ ಅಂತ ಇಲ್ಲಿ ಕೂತ ಎಲ್ಲರಿಗೂ ಗೊತ್ತು.

ಅದಕ್ಕೆ ನಾವು ಮನೆಯಿಂದ ಶುರು ಮಾಡಿದೆವು. ಮನೆ ಎಣಿಸಲು ಮತದಾರರ ಪಟ್ಟಿಯಷ್ಟು ಅನುಕೂಲದ್ದು ಇನ್ನೊಂದಿಲ್ಲ. ಬೂತ್ ಪ್ರಕಾರ ಸಿಗುತ್ತದೆ, ಯಾವ ಬೀದಿ ಯಾವ ಬೂತಿಗೆ ಅಂತ ಅದರಲ್ಲೇ ಬರೆದಿರುತ್ತದೆ. ನಮ್ಮ ವೃತ್ತದೊಳಗೆ 18 ಬೂತ್ ಬಂದವು, ಬೂತಿಗೆ ಸಾವಿರದ ಆಸುಪಾಸು ಮತದಾರರು. 18,000 ಮತ. ಪಟ್ಟಿಯಲ್ಲಿ ಮನೆ ನಂಬರ್ ನೋಡಿ ಎಣಿಸಿದರೆ ಮನೆಗೆ ಮೂರು ಮತ ಬರುತ್ತಿತ್ತು. ಅಂದರೆ 6,000 ಮನೆ.

ಆಮೇಲೆ ಬೀದಿ ಸುತ್ತಿದೆವು. ಹೊತ್ತು ಮುಖ್ಯ. ಹಗಲು ಹೊತ್ತು ಹೋದರೆ ಗಾಡಿಗಳೆಲ್ಲ ಆಫೀಸಿನ ಮುಂದೆ ಇರುತ್ತವೆ, ಮನೆ ಮುಂದೆ ಅಲ್ಲ. ಬೆಳಿಗ್ಗೆ 6 ಗಂಟೆಗೆ ಹೋಗಬೇಕು. ನಾಲ್ಕು ಥರದ ಬೀದಿ ಆರಿಸಿಕೊಂಡೆವು: ದೊಡ್ಡ ಮನೆಗಳ ಒಂದು ಕ್ರಾಸ್, ಬಾಡಿಗೆ ಮನೆಗಳ ಸಾಲು, ಒಂದು ಅಪಾರ್ಟ್‌ಮೆಂಟ್, ಹಳೇ ಸಣ್ಣ ಮನೆಗಳ ಬೀದಿ. ಎಲ್ಲ ಸೇರಿ 200 ಮನೆ. ಕಾಂಪೌಂಡ್ ಒಳಗೆ ಕಾಣದಿದ್ದನ್ನು ಹಾಲಿನವನು, ಪೇಪರ್ ಹುಡುಗ ಹೇಳಿದರು. ಅಪಾರ್ಟ್‌ಮೆಂಟ್‌ನಲ್ಲಿ ವಾಚ್‌ಮನ್ ಹೇಳಿದ. ಒಟ್ಟು 226 ಗಾಡಿ. ಅದರಲ್ಲಿ 26 ಸತ್ತ ಗಾಡಿ. ಟೈರ್‌ನಲ್ಲಿ ಗಾಳಿ ಇಲ್ಲ, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಅವನ್ನು ಬಿಟ್ಟರೆ 200. ಮನೆಗೊಂದು ಓಡುವ ಗಾಡಿ. ನಮ್ಮ ವೃತ್ತದಲ್ಲಿ 6,000.

ಇಲ್ಲಿಗೆ ನಿಲ್ಲಿಸಬೇಡಿ. 6,000 ಗಾಡಿಯೂ ನಿಮ್ಮ ಗಿರಾಕಿ ಅಲ್ಲ. ಅವನ್ನು ವಯಸ್ಸಿನ ಪ್ರಕಾರ ಬೇರೆ ಮಾಡಬೇಕು. ನೀವು ಮೆಕ್ಯಾನಿಕ್‌ಗಳು, ನಿಮಗೆ ಇದು ಕಣ್ಣಳತೆಯ ಕೆಲಸ. ನಂಬರ್ ಪ್ಲೇಟ್ ನೋಡಿ ಮೋಸ ಹೋಗಬೇಡಿ, ಹೊಸ ಥರದ ಎಚ್‌ಎಸ್‌ಆರ್‌ಪಿ ಪ್ಲೇಟ್ ಹಳೇ ಗಾಡಿಗೂ ಹಾಕಿಸಿದ್ದಾರೆ. ಗಾಡಿಯನ್ನೇ ನೋಡಿ. ಹ್ಯಾಂಡಲ್‌ನಲ್ಲಿ ಹೆಡ್‌ಲೈಟ್ ಆಫ್ ಮಾಡುವ ಸ್ವಿಚ್ ಇದೆಯಾ? ಹಾಗಾದರೆ 2017ರ ಏಪ್ರಿಲ್‌ಗಿಂತ ಹಿಂದಿನದು, ಆಮೇಲಿನ ಗಾಡಿಗಳಲ್ಲಿ ಎಂಜಿನ್ ಓಡುವಾಗ ದೀಪ ಉರಿಯುತ್ತಲೇ ಇರಬೇಕು. ಚೋಕ್ ಇದೆ, ಕಾರ್ಬೊರೇಟರ್ ಇದೆ ಅಂದರೆ ಬಹುತೇಕ ಬಿಎಸ್ 6ಕ್ಕಿಂತ ಹಿಂದಿನದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6 ಗಾಡಿಗಳು ಸಾಮಾನ್ಯವಾಗಿ ಫ್ಯುಯೆಲ್ ಇಂಜೆಕ್ಷನ್‌ನವು, ಮೀಟರ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಇರುತ್ತದೆ. ಹಸಿರು ಪ್ಲೇಟ್ ಇದ್ದರೆ ಎಲೆಕ್ಟ್ರಿಕ್.

ಹೀಗೆ ಬೇರೆ ಮಾಡಿದಾಗ ನಮಗೆ ನೂರಕ್ಕೆ 63 ಹಳೆಯವು, 30 ಬಿಎಸ್ 6, 7 ಎಲೆಕ್ಟ್ರಿಕ್ ಸಿಕ್ಕವು. 6,000ಕ್ಕೆ ಲೆಕ್ಕ ಹಾಕಿದರೆ 3,780 ಹಳೇ ಗಾಡಿ, 1,800 ಬಿಎಸ್ 6, 420 ಎಲೆಕ್ಟ್ರಿಕ್. ಹೊರಗಿನ ಗ್ಯಾರೇಜಿಗೆ ಇವತ್ತು ಅನ್ನ ಹಾಕುತ್ತಿರುವುದು ಆ 3,780.

ಈಗ ಬಹಳ ಜನ ಎಡವುವ ಜಾಗಕ್ಕೆ ಬರೋಣ. ಒಂದು ಗಾಡಿ ವರ್ಷಕ್ಕೆ ಎಷ್ಟು ಸಲ ಗ್ಯಾರೇಜಿಗೆ ಬರುತ್ತದೆ?

ಜನರನ್ನೇ ಕೇಳಿದರೆ ಆಯ್ತಲ್ಲ ಅಂತ ನಾವೂ ಅಂದುಕೊಂಡೆವು. ಕೇಳಿದೆವು. ಹೆಚ್ಚಿನವರು "ಮೂರು ತಿಂಗಳಿಗೊಮ್ಮೆ ಸರ್ವಿಸ್ ಮಾಡಿಸ್ತೀನಿ" ಅಂದರು. ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಹಾಗೆ ಮಾಡಿಸಬೇಕು ಅಂತ ಅವರ ಮನಸ್ಸಲ್ಲಿದೆ, ಅದನ್ನೇ ಹೇಳುತ್ತಾರೆ. ಅವತ್ತು ಒಬ್ಬರು ಮೇಷ್ಟ್ರು, ಬಹಳ ಶಿಸ್ತಿನ ಮನುಷ್ಯರು, ಅವರೂ ಮೂರು ತಿಂಗಳು ಅಂದರು. "ಸರ್, ಒಂದ್ಸಲ ಗಾಡಿ ನೋಡಲಾ?" ಅಂತ ಕೇಳಿ ಹುಡುಗ ಬಗ್ಗಿ ನೋಡಿದ. ಹಿಂದಿನ ಗ್ಯಾರೇಜಿನವರು ಅಂಟಿಸಿದ್ದ ಆಯಿಲ್ ಚೀಟಿಯಲ್ಲಿ "ಮುಂದಿನ ಆಯಿಲ್ 24,300" ಅಂತ ಬರೆದಿತ್ತು. 3,000ಕ್ಕೊಮ್ಮೆ ಬದಲಿಸುವ ಗಾಡಿ ಅದು, ಅಂದರೆ ಆಯಿಲ್ ಹಾಕಿದ್ದು 21,300ಕ್ಕೆ. ಮೀಟರ್ 29,100 ತೋರಿಸುತ್ತಿತ್ತು. 7,800 ಕಿಲೋಮೀಟರ್ ಒಂದೇ ಆಯಿಲ್‌ನಲ್ಲಿ ಓಡಿದ್ದರು. ತಿಂಗಳಿಗೆ 500 ಕಿಲೋಮೀಟರ್ ಓಡಿಸುವವರು. ಹತ್ತಿರ ಹತ್ತಿರ ಹದಿನಾರು ತಿಂಗಳು. ಮೇಷ್ಟ್ರಿಗೇ ಆಶ್ಚರ್ಯ ಆಯಿತು, ಮಧ್ಯಾಹ್ನವೇ ಗಾಡಿ ಬಿಟ್ಟರು.

ಅವತ್ತಿನಿಂದ ನಾವು ಜನರನ್ನು ಕೇಳುವುದು ಬಿಟ್ಟು ಮೀಟರ್ ನೋಡಲು ಶುರು ಮಾಡಿದೆವು. ಮೀಟರ್ ಕಿಲೋಮೀಟರನ್ನು ಗಾಡಿಯ ವಯಸ್ಸಿನಿಂದ ಭಾಗಿಸಿದರೆ ವರ್ಷದ ಓಟ ಸಿಗುತ್ತದೆ. ಹಳೇ ಗಾಡಿಗಳಲ್ಲಿ ಮೀಟರ್ ಕೇಬಲ್ ಕಟ್ ಆಗಿರುವುದು ಜಾಸ್ತಿ, ಮುಳ್ಳು ಅಲುಗಾಡದ ಗಾಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ನಮ್ಮ ಲೆಕ್ಕದಲ್ಲಿ ವರ್ಷಕ್ಕೆ 5,000 ಕಿಲೋಮೀಟರ್ ಬಂತು. ಜನ ನಿಜವಾಗಿ ಆಯಿಲ್ ಬದಲಿಸುವುದು 4,000ಕ್ಕೊಮ್ಮೆ ಅಂತ ಚೀಟಿಗಳು ನೋಡಿ ಅಂದಾಜು ಮಾಡಿದೆವು. ಅಂದರೆ ವರ್ಷಕ್ಕೆ ಸುಮಾರು 1.3 ಸರ್ವಿಸ್.

ಸರ್ವಿಸ್ ಬಿಟ್ಟು ಸಣ್ಣ ಕೆಲಸಗಳಿವೆ. ಬ್ರೇಕ್ ಶೂ, ಕೇಬಲ್, ಪ್ಲಗ್, ಬ್ಯಾಟರಿ, ಇಂಡಿಕೇಟರ್. ಪಂಕ್ಚರ್ ಸೇರಿಸಬೇಡಿ, ಅದು ಪಂಕ್ಚರ್ ಅಂಗಡಿಗೆ ಹೋಗುತ್ತದೆ. ಹಳೇ ಗಾಡಿಗೆ ವರ್ಷಕ್ಕೆ ಒಂದೂವರೆ ಸಲ ಅಂತ ಇಟ್ಟೆವು. ಬಿಎಸ್ 6 ಗಾಡಿಯವರು ಸರ್ವಿಸ್‌ಗೆ ಶೋರೂಮಿಗೇ ಹೋಗುತ್ತಾರೆ, ವಾರಂಟಿ ಹೋಗುತ್ತೆ ಅನ್ನುವ ಭಯ. ಆದರೆ ಅರ್ಜೆಂಟ್ ಸಣ್ಣ ಕೆಲಸಕ್ಕೆ ಬೀದಿ ಗ್ಯಾರೇಜಿಗೆ ಬರುತ್ತಾರೆ. ಎರಡು ವರ್ಷಕ್ಕೊಂದು ಸಲ ಅಂತ ಹಿಡಿದೆವು. ಎಲೆಕ್ಟ್ರಿಕ್ ಗಾಡಿಗೂ ಅಷ್ಟೇ: ಆಯಿಲ್ ಇಲ್ಲ, ಪ್ಲಗ್ ಇಲ್ಲ, ಬ್ರೇಕ್ ಮಾತ್ರ ಸವೆಯುತ್ತದೆ. ಕೊನೆಗೆ ದೊಡ್ಡ ಕೆಲಸ. ಕ್ಲಚ್ ಪ್ಲೇಟ್, ಚೈನ್ ಸೆಟ್, ಎಂಜಿನ್ ಬಿಚ್ಚಿ ಬೋರ್ ಮಾಡಿಸುವುದು. ಹನ್ನೆರಡು ಹಳೇ ಗಾಡಿಯಲ್ಲಿ ಒಂದಕ್ಕೆ ವರ್ಷದಲ್ಲಿ ಇಂಥದ್ದೊಂದು ಬರುತ್ತದೆ ಅಂತ ಇಟ್ಟುಕೊಂಡೆವು.

ಎಲ್ಲ ಕೂಡಿದರೆ ವರ್ಷಕ್ಕೆ 12,000 ಸಲ ಗಾಡಿ ಗ್ಯಾರೇಜಿಗೆ ಬಂದಂತೆ. 300 ಕೆಲಸದ ದಿನಕ್ಕೆ ಭಾಗಿಸಿದರೆ ದಿನಕ್ಕೆ 40.

ನನಗೆ ಬೇಕಾಗಿದ್ದು ಈ ಅಂಕಿ. ಕೋಟಿಯನ್ನು ಯಾರೂ ಕಣ್ಣಲ್ಲಿ ನೋಡಿ ಪರೀಕ್ಷೆ ಮಾಡಲು ಆಗುವುದಿಲ್ಲ. ದಿನಕ್ಕೆ 40 ಗಾಡಿ ಅಂದರೆ ಮಾಡಬಹುದು, ಬೀದಿಯಲ್ಲಿ ನಿಂತು ಎಣಿಸಬಹುದು.

ಎಣಿಸಲು ನಾವು ಮಾಡಿದ್ದು ಎರಡು ಕೆಲಸ.

ಒಂದನೆಯದು, ಈಗಿರುವ ಗ್ಯಾರೇಜ್‌ಗಳು. ವೃತ್ತದೊಳಗೆ ಒಂಬತ್ತು. ಆರು ಕಡೆ ಒಬ್ಬನೇ ಮೆಕ್ಯಾನಿಕ್, ಮೂರು ಕಡೆ ಎರಡು ಮೂರು ಜನ. "ದಿನಕ್ಕೆ ಎಷ್ಟು ಗಾಡಿ ಅಣ್ಣಾ?" ಅಂತ ಕೇಳಿದರೆ "ಹದಿನೈದು, ಇಪ್ಪತ್ತು" ಅನ್ನುತ್ತಾರೆ. ಚೈನ್ ಟೈಟ್ ಮಾಡಿಸಿ ಹೋದವನು, ಸ್ಪ್ಯಾನರ್ ಕೇಳಿ ಹೋದವನು, ಎಲ್ಲರೂ ಅವರ ಲೆಕ್ಕದಲ್ಲಿ ಇರುತ್ತಾರೆ. ಅದಕ್ಕೆ ಎದುರಿನ ಟೀ ಅಂಗಡಿಯಲ್ಲಿ ಕೂತು ಎಣಿಸಬೇಕು, ಸೋಮವಾರ ಒಂದು ದಿನ, ವಾರದ ಮಧ್ಯೆ ಒಂದು ದಿನ, ಶನಿವಾರ ಒಂದು ದಿನ. ದುಡ್ಡು ಕೈ ಬದಲಾದ ಗಾಡಿ ಮಾತ್ರ ಬರೆದುಕೊಳ್ಳಿ. ಒಬ್ಬನೇ ಇರುವ ಕಡೆ ನಾಲ್ಕು, ಎರಡು ಮೂರು ಜನ ಇರುವ ಕಡೆ ಎಂಟು ಬಂತು. ಆರು ನಾಲ್ಕಲಿ 24, ಮೂರು ಎಂಟಲಿ 24. ಒಟ್ಟು 48. ಇದರಲ್ಲಿ ಐದಕ್ಕೊಂದು ಗಾಡಿ ಸವಳಂಗ ರಸ್ತೆ ಕಡೆಯ ಹಳ್ಳಿಗಳಿಂದ ಬಂದಿದ್ದು, ನಮ್ಮ ವೃತ್ತದ್ದಲ್ಲ. ಅದನ್ನು ತೆಗೆದರೆ 38. ನಮ್ಮ 40ಕ್ಕೆ ಹತ್ತಿರವೇ ಇದೆ. ಹುಡುಗ ಖುಷಿಪಟ್ಟ.

ಎರಡನೆಯದು ನನ್ನ ಕಸುಬಿನ ಲೆಕ್ಕ. ಒಂದು ಸಾಮಾನ್ಯ ಬೈಕಿನ ಸರ್ವಿಸ್ ಅಂದರೆ ಒಂದು ಬಾಟಲಿ ಎಂಜಿನ್ ಆಯಿಲ್. ಅರ್ಧ ಹಾಕುವುದಿಲ್ಲ, ಎರಡು ಹಾಕುವುದಿಲ್ಲ. ಆದ್ದರಿಂದ ಆ ಭಾಗಕ್ಕೆ ತಿಂಗಳಿಗೆ ಎಷ್ಟು ಬಾಟಲಿ ಹೋಗುತ್ತದೆ ಅಂತ ಗೊತ್ತಾದರೆ ಎಷ್ಟು ಸರ್ವಿಸ್ ಆಗುತ್ತಿದೆ ಅಂತ ಗೊತ್ತಾದ ಹಾಗೆ. ಜನ ಬಾಯಲ್ಲಿ ಹೇಳುವುದಕ್ಕಿಂತ ಇದು ಗಟ್ಟಿ ಸಾಕ್ಷಿ. ನಮ್ಮ 1.3 ಸರಿ ಇದ್ದರೆ ವರ್ಷಕ್ಕೆ 4,900 ಸರ್ವಿಸ್, ತಿಂಗಳಿಗೆ 400ರ ಮೇಲೆ ಬಾಟಲಿ ಹೋಗಬೇಕು. ಆ ಗ್ಯಾರೇಜ್‌ಗಳಿಗೆ ಮಾಲು ಕೊಡುವ ಅಂಗಡಿಗಳಲ್ಲಿ ಕೇಳಿದೆವು. ಕೂಡಿಸಿದರೆ 300ರ ಆಸುಪಾಸು.

ನೂರು ಬಾಟಲಿ ಕಡಿಮೆ. ಎಲ್ಲಿ ಹೋಯಿತು? ಸ್ವಲ್ಪ ಆಯಿಲ್ ಪೆಟ್ರೋಲ್ ಬಂಕ್‌ನಿಂದ ಬರುತ್ತದೆ, ಸ್ವಲ್ಪ ಆನ್‌ಲೈನ್, ಕೆಲವು ಗ್ಯಾರೇಜ್‌ಗಳು ಡ್ರಮ್‌ನಿಂದ ಲೂಸ್ ಆಯಿಲ್ ಹಾಕುತ್ತವೆ. ಅದೆಲ್ಲ ಸೇರಿಸಿದರೂ ನೂರು ತುಂಬುವುದಿಲ್ಲ ಅಂತ ನನ್ನ ಅನುಭವ ಹೇಳಿತು. ತಪ್ಪು ನಮ್ಮದೇ. ಆಯಿಲ್ ಚೀಟಿ ನೋಡಿ ಅಂದಾಜು ಮಾಡಿದ್ದೆವಲ್ಲ, ಚೀಟಿ ಇರುವುದು ಸರ್ವಿಸ್ ಮಾಡಿಸುವವರ ಗಾಡಿಯಲ್ಲಿ. ಮಾಡಿಸದೇ ಇರುವವರ ಗಾಡಿಯಲ್ಲಿ ಚೀಟಿಯೇ ಇಲ್ಲ, ಅವರು ನಮ್ಮ ಲೆಕ್ಕದಿಂದ ಜಾರಿಕೊಂಡಿದ್ದರು. 1.3 ಅನ್ನು 1ಕ್ಕೆ ಇಳಿಸಿದೆವು. ವರ್ಷಕ್ಕೆ 3,780 ಸರ್ವಿಸ್. ಒಟ್ಟು 10,875 ಸಲ. ದಿನಕ್ಕೆ 36.

ಬೇರೆ ಬೇರೆ ದಾರಿಯಿಂದ ಬಂದ ಲೆಕ್ಕಗಳು ಹೀಗೆ 36, 38 ಅಂತ ಹತ್ತಿರ ನಿಂತರೆ ಮುಂದೆ ಹೋಗಬಹುದು. ಒಂದು 40, ಇನ್ನೊಂದು 90 ಅಂತ ಬಂದರೆ ದಯವಿಟ್ಟು ನಡುವಿನ ಅಂಕಿ ತೆಗೆದುಕೊಂಡು ಸಮಾಧಾನ ಮಾಡಿಕೊಳ್ಳಬೇಡಿ. ಎಲ್ಲೋ ಒಂದು ಗುಂಪು ಬಿಟ್ಟುಹೋಗಿದೆ, ಇಲ್ಲವೇ ಎರಡು ಸಲ ಸೇರಿದೆ. ಹುಡುಕಿ. ಕಾಲೇಜು ಹತ್ತಿರ ಇದ್ದರೆ ಹಗಲು ಬಂದು ಹೋಗುವ ಗಾಡಿಗಳು ಬೆಳಗಿನ ಎಣಿಕೆಯಲ್ಲಿ ಇರುವುದಿಲ್ಲ, ಮೊದಲು ಅಲ್ಲೇ ನೋಡಿ. ಇನ್ನೊಂದು, ಆಯುಧ ಪೂಜೆಯ ಹಿಂದಿನ ವಾರ ಎಣಿಸಬೇಡಿ. ಆ ವಾರ ಊರಿನ ಗಾಡಿಗಳೆಲ್ಲ ಗ್ಯಾರೇಜಿನ ಮುಂದೆ ಇರುತ್ತವೆ. ಹಾಗೇ ಜುಲೈ ಮಳೆಯಲ್ಲಿ ಎಣಿಸಿದರೆ ಉಲ್ಟಾ ಆಗುತ್ತದೆ, ಮಳೆ ಮುಗಿದ ಮೇಲೆ ಸರ್ವಿಸ್ ಮಾಡಿಸೋಣ ಅಂತ ಜನ ಮುಂದೂಡುತ್ತಾರೆ. ಬರೀ ಸ್ಟಾರ್ಟಿಂಗ್ ಟ್ರಬಲ್, ಬ್ರೇಕ್ ಕೆಲಸ ಬರುತ್ತದೆ.

ಇನ್ನು ದುಡ್ಡು. ಇಲ್ಲಿ ಎರಡು ಅಂಕಿ ಬೇರೆ ಬೇರೆ ಇಟ್ಟುಕೊಳ್ಳಲೇಬೇಕು: ಬಿಲ್ ಎಷ್ಟು, ಅದರಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಎಷ್ಟು. ಸರ್ವಿಸ್ ಬಿಲ್ 900 ಅಂದರೆ ಅದರಲ್ಲಿ 600 ಆಯಿಲ್ ಮತ್ತು ಸಾಮಾನು, ಅದು ನನ್ನಂಥ ಅಂಗಡಿಯವನ ದುಡ್ಡು. ನಿಮ್ಮದು ಲೇಬರ್ 300, ಸಾಮಾನಿನ ಮೇಲೆ ಒಂದಷ್ಟು ಲಾಭ ಸೇರಿ 390. ಸಣ್ಣ ಕೆಲಸ 250 ರೂಪಾಯಿ, ಉಳಿಯುವುದು 120. ದೊಡ್ಡ ಕೆಲಸ 4,000, ಉಳಿಯುವುದು 1,500.

ಇದನ್ನು ಎಣಿಕೆಗೆ ಗುಣಿಸಿದರೆ ಇಡೀ ವೃತ್ತದಲ್ಲಿ ವರ್ಷಕ್ಕೆ 63 ಲಕ್ಷದ ಚಿಲ್ಲರೆ ಬಿಲ್ ಆಗುತ್ತದೆ. ಗ್ಯಾರೇಜ್‌ಗಳ ಕೈಯಲ್ಲಿ ಉಳಿಯುವುದು 27.6 ಲಕ್ಷ. ಈಗ ಆ ಪ್ರಾಜೆಕ್ಟ್ ರಿಪೋರ್ಟ್ ನೆನಪಿಸಿಕೊಳ್ಳಿ. "ಬರೀ ಒಂದು ಪರ್ಸೆಂಟ್" ಅಂತ ಬರೆದಿದ್ದ ಆ 30 ಲಕ್ಷ, ಈ ವೃತ್ತದ ಒಟ್ಟು ವ್ಯಾಪಾರದಲ್ಲಿ ಹತ್ತಿರ ಹತ್ತಿರ ಅರ್ಧ. ಒಂಬತ್ತು ಗ್ಯಾರೇಜ್ ಇರುವ ಕಡೆ ಹತ್ತನೆಯವನು ಬಂದು ಮೊದಲ ವರ್ಷವೇ ಅರ್ಧ ವ್ಯಾಪಾರ ತೆಗೆದುಕೊಂಡು ಹೋಗುತ್ತಾನೆ ಅಂತ ಆ ಕಾಗದ ಹೇಳುತ್ತಿತ್ತು. ಯಾರಿಗೂ ಹಾಗೆ ಕಾಣಲಿಲ್ಲ, ಏಕೆಂದರೆ ಅದು ಊರೆಲ್ಲದರ ಒಂದು ಪರ್ಸೆಂಟ್ ಆಗಿತ್ತು.

27.6 ಲಕ್ಷವನ್ನು ಒಂಬತ್ತಕ್ಕೆ ಹಂಚಿ. ಒಂದು ಗ್ಯಾರೇಜಿಗೆ ತಿಂಗಳಿಗೆ 25,000ದ ಸುತ್ತಮುತ್ತ. ಹಳ್ಳಿ ಕಡೆಯ ಗಾಡಿ ಸೇರಿದರೆ ಇನ್ನಷ್ಟು. ಒಬ್ಬನೇ ಕೂತು ಕೆಲಸ ಮಾಡುವ ಆ ಆರು ಅಣ್ಣಂದಿರು ಹೇಗೆ ಸಂಸಾರ ನಡೆಸುತ್ತಿದ್ದಾರೆ ಅಂತ ಅವತ್ತು ಅರ್ಥ ಆಯಿತು ನನಗೆ. ಇಷ್ಟು ವರ್ಷ ಅವರಿಗೆ ಸಾಮಾನು ಮಾರಿದ್ದೆ, ಅವರ ಮನೆಯ ಲೆಕ್ಕ ಯೋಚಿಸಿರಲಿಲ್ಲ.

ಈಗ ಹುಡುಗನ ಮಳಿಗೆ. ಒಂದು ಗಾಡಿ ಬಂದರೆ ಸರಾಸರಿ ಉಳಿಯುವುದು 254 ರೂಪಾಯಿ. ನೂರಡಿ ರಸ್ತೆಯ ಮಳಿಗೆಗೆ ಬಾಡಿಗೆ 12,000, ಒಬ್ಬ ಮೆಕ್ಯಾನಿಕ್‌ಗೆ 20,000, ಒಬ್ಬ ಹುಡುಗನಿಗೆ 10,000, ಕರೆಂಟು ಇತ್ಯಾದಿ 4,000. ತಿಂಗಳಿಗೆ 46,000. ಇವನ ಮನೆ ಖರ್ಚಿಗೆ 25,000 ಬೇಕು. ಒಟ್ಟು 71,000. ಭಾಗಿಸಿ ನೋಡಿ, ತಿಂಗಳಿಗೆ 280 ಗಾಡಿ, ದಿನಕ್ಕೆ 11. ಬೀದಿಯಲ್ಲಿ ಇರುವುದೇ 36. ಮೂರರಲ್ಲಿ ಒಂದು ಗಾಡಿ ಇವನ ಹತ್ತಿರವೇ ಬರಬೇಕು. ಹದಿನೈದು ವರ್ಷದಿಂದ ಹೆಸರು ಹಿಡಿದು ಕರೆಯುವ ಮೆಕ್ಯಾನಿಕ್‌ನನ್ನು ಬಿಟ್ಟು ಜನ ಅಷ್ಟು ಬೇಗ ಬರುವುದಿಲ್ಲ.

ಬೇರೆ ದಾರಿ ಹಾಕಿ ನೋಡಿದೆವು. ಒಳಗಿನ ಕ್ರಾಸ್‌ನಲ್ಲಿ 6,000 ಬಾಡಿಗೆ, ಇವನೇ ಮೆಕ್ಯಾನಿಕ್, ಜೊತೆಗೆ ಒಬ್ಬ ಹುಡುಗ. ತಿಂಗಳಿಗೆ 19,000 ಖರ್ಚು. ಬರೀ ಖರ್ಚು ಹುಟ್ಟಲು ದಿನಕ್ಕೆ ಮೂರು ಗಾಡಿ ಸಾಕು. ಮನೆ ಖರ್ಚೂ ಹುಟ್ಟಬೇಕಾದರೆ ಏಳು. 36ರಲ್ಲಿ ಮೂರು ಅಂದರೆ ಮೊದಲ ವರ್ಷಕ್ಕೆ ಆಗುವ ಮಾತು. ಏಳು ಅಂದರೆ ಇಬ್ಬರು ಸೇರಿ ಒಂದು ದಿನದಲ್ಲಿ ಮಾಡಬಹುದಾದ ಕೆಲಸದ ಹತ್ತಿರ ಹತ್ತಿರ ಕೊನೆಯ ಮಿತಿ. ಇದನ್ನೂ ಮರೆಯಬೇಡಿ. ಮಾರುಕಟ್ಟೆ ಎಷ್ಟೇ ಇದ್ದರೂ ನಿಮ್ಮ ಎರಡು ಕೈಗೆ ದಿನಕ್ಕೆ ನಾಲ್ಕೈದು ಪೂರ್ತಿ ಸರ್ವಿಸ್‌ಗಿಂತ ಜಾಸ್ತಿ ಆಗುವುದಿಲ್ಲ.

ಇಲ್ಲಿ ಒಬ್ಬರು ಕೇಳಬಹುದು: ಆ ಮೇಷ್ಟ್ರಂಥವರು ಇದ್ದಾರಲ್ಲ, ಸರ್ವಿಸ್ ಮಾಡಿಸಬೇಕು ಆದರೆ ಮಾಡಿಸುತ್ತಿಲ್ಲ, ಅವರನ್ನು ಸೇರಿಸಬಾರದಾ ಅಂತ. 5,000 ಕಿಲೋಮೀಟರ್ ಓಟಕ್ಕೆ 3,000ಕ್ಕೊಮ್ಮೆ ಅಂದರೆ ವರ್ಷಕ್ಕೆ ಒಂದೂ ಮುಕ್ಕಾಲಿನ ಹತ್ತಿರ ಸರ್ವಿಸ್ ಆಗಬೇಕು, ಆಗುತ್ತಿರುವುದು ಒಂದು. ಲೆಕ್ಕ ಹಾಕಿದರೆ 2,500 ಸರ್ವಿಸ್ ಸುಮ್ನೆ ಬಿದ್ದಿದೆ. ನಿಜ. ಆದರೆ ಅದನ್ನು ಮಾರುಕಟ್ಟೆ ಅಂತ ಬರೆಯಬೇಡಿ. ಅವರು ಮಾಡಿಸದೇ ಇರುವುದಕ್ಕೆ ಕಾರಣ ಇದೆ. ಬೆಳಿಗ್ಗೆ ಗಾಡಿ ಬಿಟ್ಟರೆ ಕೆಲಸಕ್ಕೆ ಹೋಗುವುದು ಹೇಗೆ ಅನ್ನುವುದು ದೊಡ್ಡ ಕಾರಣ. ಮನೆಯಿಂದ ಗಾಡಿ ತಂದು ಸಂಜೆ ಬಿಟ್ಟು ಬರ್ತೀನಿ ಅಂದರೆ ಕೊಡ್ತೀರಾ ಅಂತ ಕೇಳಿದರೆ ಎಲ್ಲರೂ "ಓ, ಕೊಡ್ತೀವಿ" ಅನ್ನುತ್ತಾರೆ. ಆ "ಓ"ಗೆ ಬೆಲೆ ಇಲ್ಲ. ಮೂವತ್ತು ಮನೆಗೆ ಹೋಗಿ, ಮುಂದಿನ ಭಾನುವಾರಕ್ಕೆ ಹೆಸರು ಬರೆದುಕೊಂಡು 100 ರೂಪಾಯಿ ಅಡ್ವಾನ್ಸ್ ಕೇಳಿ. ಎಷ್ಟು ಜನ ಕೊಟ್ಟರೋ ಅಷ್ಟೇ ನಿಮ್ಮ ಲೆಕ್ಕ. ಯಾರೂ ಕೊಡದಿದ್ದರೆ ಸೊನ್ನೆ ಅಂತಲೇ ಬರೆಯಿರಿ.

ನನಗೆ ಹೆಚ್ಚು ಭರವಸೆ ಇರುವುದು ಬೇರೆ ಕಡೆ. ಆ 1,800 ಬಿಎಸ್ 6 ಗಾಡಿಗಳನ್ನು ನೋಡಿ. 2020ರಿಂದ ಈಚೆಗೆ ಬಂದವು. ವರ್ಷಕ್ಕೆ 300ರಷ್ಟು ಗಾಡಿ ಐದು ವರ್ಷ ದಾಟುತ್ತವೆ, ವಾರಂಟಿ ಮುಗಿಯುತ್ತದೆ, ಶೋರೂಮ್ ಬಿಲ್ ಭಾರ ಅನ್ನಿಸುತ್ತದೆ, ಹೊರಗೆ ಬರುತ್ತವೆ. ಇಂಜೆಕ್ಷನ್ ಗಾಡಿಯಲ್ಲಿ ಹಳದಿ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ಓದಬೇಕು, ಕಿವಿಯಲ್ಲಿ ಕೇಳಿ ಹೇಳಲು ಆಗುವುದಿಲ್ಲ. ಒಂಬತ್ತು ಗ್ಯಾರೇಜ್‌ನಲ್ಲಿ ಸ್ಕ್ಯಾನರ್ ಇದ್ದಿದ್ದು ಒಂದು ಕಡೆ. ಈ ಗಾಡಿಗಳಿಗೆ ಹದಿನೈದು ವರ್ಷದ ಹಳೇ ಮೆಕ್ಯಾನಿಕ್ ಅಂತ ಯಾರೂ ಇಲ್ಲ. ಮೂರು ವರ್ಷದಲ್ಲಿ 900 ಗಾಡಿ ಹೀಗೆ ಹೊರಗೆ ಬಂದು, ಹಳೇ ಗಾಡಿಗಳ ಹಾಗೇ ವರ್ಷಕ್ಕೆ ಎರಡೂವರೆ ಸಲ ಬಂದರೆ 2,250 ಸಲ, ದಿನಕ್ಕೆ ಏಳೂವರೆ. ಅದರಲ್ಲಿ ಅರ್ಧ ಸಿಕ್ಕರೂ ಇವನ ಏಳರಲ್ಲಿ ಅರ್ಧ ತುಂಬಿತು. ಅದೇ ಹೊತ್ತಿಗೆ ಅತಿ ಹಳೇ ಗಾಡಿಗಳು ಗುಜರಿಗೆ ಹೋಗುತ್ತಿರುತ್ತವೆ, ಹೊಸದಾಗಿ ಕೊಳ್ಳುವವರಲ್ಲಿ ಒಂದಷ್ಟು ಜನ ಎಲೆಕ್ಟ್ರಿಕ್‌ಗೆ ಹೋಗುತ್ತಾರೆ. ಹಾಗಾಗಿ 36 ಅನ್ನುವುದು 50 ಆಗುತ್ತದೆ ಅಂತ ನಾನು ಹೇಳುವುದಿಲ್ಲ. 36ರ ಒಳಗೇ ಯಾವ ಗಾಡಿ ಅನ್ನುವುದು ಬದಲಾಗುತ್ತದೆ.

ಹುಡುಗ ಕ್ರಾಸ್‌ನ ಮಳಿಗೆ ಹಿಡಿದ. ನೂರಡಿ ರಸ್ತೆಗೆ ಕೊಡಬೇಕಿದ್ದ ಅಡ್ವಾನ್ಸ್ ದುಡ್ಡಲ್ಲಿ ಸ್ಕ್ಯಾನರ್ ಕೊಂಡ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಎದ್ದು, "ಸರ್, ನಂದು ಗಾಡಿಕೊಪ್ಪ. ಅಲ್ಲಿ ಇಷ್ಟೊಂದು ಮನೆ ಇಲ್ಲ, ಹೈವೇ ಇದೆ. ಇದೇ ಲೆಕ್ಕ ಆಗುತ್ತಾ?" ಅಂತ ಕೇಳಿದ. ಆಗುವುದಿಲ್ಲ ಅಂತ ಹೇಳಿದೆ. ಅಲ್ಲಿ ಮನೆಯಿಂದ ಶುರು ಮಾಡಿದರೆ ತಪ್ಪು ಬರುತ್ತದೆ. ರಸ್ತೆಯಿಂದ ಶುರು ಮಾಡಬೇಕು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ರಸ್ತೆ ಬದಿ ನಿಂತು ದಿನಾ ಓಡಾಡುವ ಗಾಡಿ ಎಷ್ಟು ಅಂತ ನೋಡಬೇಕು. ಒಂದು ವಾರ ಬಿಟ್ಟು ಮತ್ತೆ ಅದೇ ಹೊತ್ತಿಗೆ ನಿಂತರೆ ಮತ್ತೆ ಕಂಡ ಗಾಡಿಗಳೇ ದಿನಾ ಬರುವವು. ಆಮೇಲೆ ಅಲ್ಲಿನ ಗ್ಯಾರೇಜ್‌ಗಳ ಮುಂದೆ ಕೂತು ಎಣಿಸಬೇಕು. ಆಯಿಲ್ ಬಾಟಲಿ ಲೆಕ್ಕ ಮಾತ್ರ ಎಲ್ಲಿಗೆ ಹೋದರೂ ಅದೇ. "ಯಾವ ಅಂಗಡಿಯವರು ಅಲ್ಲಿಗೆ ಮಾಲು ಕೊಡ್ತಾರೆ ಗೊತ್ತಾ?" ಅಂತ ಕೇಳಿದೆ. ಗೊತ್ತು ಅಂದ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರೂ ಅಲ್ಲಿಗೆ ಹೋಗುವುದು ಅಂತ ಮಾತಾಗಿದೆ.